ಮಾಗಿಯ ಬಿಯರಿಗೆ ಬರೆದ ಚೀಟಿ

ನನ್ನ ಅಣ್ಣ ಶ್ರೀನಿವಾಸಪುರದ ಮಾವಿನ ಮಂಡಿಯಲ್ಲಿ, ತೋತಾಪುರಿ ತುಂಬಿದ ಕ್ರೇಟುಗಳ ನಡುವೆ, ಹಾಡಹಗಲೇ ಕುಸಿದುಬಿದ್ದ ದಿನ ನಾನು ಮೊದಲು ಮಾಡಿದ ಕೆಲಸ ಅತ್ತಿಗೆಯನ್ನು ಬೈದದ್ದು. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ಬರುವುದನ್ನೆಲ್ಲ ಓದಿದ ಮೇಲೆ ನೀವೇ ನನ್ನನ್ನು ಬೈಯುವುದು ಸುಲಭವಾಗುತ್ತದೆ.

ಅಣ್ಣನಿಗೆ ಹೊಟ್ಟೆಯ ಕಾಯಿಲೆ. ಗೋಧಿ ಅವನಿಗೆ ವಿಷ. ಇದು ಗೊತ್ತಾಗುವುದಕ್ಕೆ ನಮಗೆ ವರ್ಷಗಳೇ ಹಿಡಿದವು. ತಿಂದದ್ದು ಮೈಗೆ ಹತ್ತುತ್ತಿರಲಿಲ್ಲ, ಭೇದಿ ನಿಲ್ಲುತ್ತಿರಲಿಲ್ಲ, ರಕ್ತ ಇಳಿದು ಮುಖ ಸುಣ್ಣದ ಗೋಡೆಯ ಹಾಗೆ ಆಗಿತ್ತು. ಯಾರೋ ಟಿಬಿ ಅಂದರು, ಯಾರೋ ಮಾಟ ಅಂದರು. ಅಮ್ಮ ಕುರುಡುಮಲೆಗೂ ಆವಣಿಗೂ ಹರಕೆ ಹೊತ್ತಳು. ಕೊನೆಗೆ ಕೋಲಾರದ ಒಬ್ಬ ವೈದ್ಯರು ರಕ್ತ ಪರೀಕ್ಷೆ ಮಾಡಿಸಿ, ಬಾಯೊಳಗಿಂದ ಕೊಳವೆ ಇಳಿಸಿ ಕರುಳಿನ ಚೂರು ತೆಗೆಸಿ ನೋಡಿ, ಇದಕ್ಕೆ ಸೀಲಿಯಾಕ್ ಅಂತಾರೆ ಅಂದರು. ಗೋಧಿಯಲ್ಲಿರುವ ಗ್ಲುಟೆನ್ ಎಂಬ ಅಂಟು ಒಳಗೆ ಹೋದರೆ ಇವನ ಕರುಳು ತನ್ನನ್ನು ತಾನೇ ಸವೆಸಿಕೊಳ್ಳುತ್ತದಂತೆ. ಔಷಧಿಯಿಲ್ಲ, ಪಥ್ಯವೇ ಔಷಧಿ.

"ಚಪಾತಿ, ಪೂರಿ, ಉಪ್ಪಿಟ್ಟು, ಬ್ರೆಡ್ಡು, ಬಿಸ್ಕತ್ತು ಬಿಟ್ಬಿಡಿ. ನಿಮ್ಮ ಅದೃಷ್ಟ, ನಿಮ್ಮ ಕಡೆ ಮುದ್ದೆ ಇದೆ. ರಾಗಿ, ಅಕ್ಕಿ ಎಷ್ಟು ಬೇಕಾದ್ರೂ ತಿನ್ನಿ" ಎಂದು ವೈದ್ಯರು ನಕ್ಕಿದ್ದರು.

ಅವರು ಕೊಟ್ಟ ಪಟ್ಟಿ ಇಂಗ್ಲಿಷಿನಲ್ಲಿತ್ತು. ಅತ್ತಿಗೆ ಬಂಗಾರಪೇಟೆಯ ಕಡೆಯವಳು, ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ ಕಲಿತವಳು. ಇಂಗ್ಲಿಷು ಕೂಡಿಸಿಕೊಂಡು ಓದುತ್ತಾಳೆ. ಆಗ ನಾನು ಕೋಲಾರದ ಒಂದು ಖಾಸಗಿ ಹೈಸ್ಕೂಲಿನಲ್ಲಿ ಕನ್ನಡ ಮೇಡಂ. ಅಡುಗೆಮನೆಯ ಗೋಡೆಗೆ ಅಂಟಿಸಲು ಅದನ್ನು ಕನ್ನಡದಲ್ಲಿ ಬರೆದುಕೊಟ್ಟವಳು ನಾನೇ. ನನ್ನ ಅಕ್ಷರ ದುಂಡಗೆ, ಅಚ್ಚು ಹೊಡೆದ ಹಾಗೆ ಇರುತ್ತದೆ. ಅದರ ಬಗ್ಗೆ ನನಗೆ ಸಿಕ್ಕಾಪಟ್ಟೆ ಜಂಬ. ಗೋಧಿ, ಮೈದಾ, ರವೆ, ಶಾವಿಗೆ, ಬಾರ್ಲಿ, ಅಂಗಡಿಯ ಹಿಂಗು ಎಂದು ಒಂದರ ಕೆಳಗೊಂದು ಬರೆದೆ. ಹಿಂಗು ಓದಿ ಅತ್ತಿಗೆ ಬಾಯಿ ಬಿಟ್ಟಳು. ಅಂಗಡಿಯ ಡಬ್ಬಿ ಹಿಂಗಿಗೆ ಗೋಧಿ ಹಿಟ್ಟು ಬೆರೆಸಿರುತ್ತಾರೆ ಎಂಬುದು ನನಗೂ ಆವತ್ತೇ ಗೊತ್ತಾದದ್ದು.

ಅಂದಿನಿಂದ ಆ ಮನೆಯೊಳಕ್ಕೆ ಗೋಧಿ ಬಂದಿಲ್ಲ. ಮಕ್ಕಳಿಗೂ ರಾಗಿ ದೋಸೆ, ನೆಂಟರಿಗೂ ಅಕ್ಕಿ ರೊಟ್ಟಿ. ವರ್ಷ ತುಂಬುವುದರೊಳಗೆ ಅಣ್ಣನ ಕೆನ್ನೆ ತುಂಬಿಕೊಂಡಿತು. ಮಂಡಿಯಲ್ಲಿ ಮತ್ತೆ ಅವನ ಹರಾಜಿನ ಕೂಗು ಕೇಳಿಸತೊಡಗಿತು. ಅಮ್ಮ ಹರಕೆ ತೀರಿಸಿದಳು. ವೈದ್ಯರಿಗೆ ಒಂದು ಬುಟ್ಟಿ ಬಾದಾಮಿ ಮಾವಿನ ಹಣ್ಣೂ ಹೋಯಿತು.

ಅಂಥವನು ಈಗ ಕುಸಿದುಬಿದ್ದಿದ್ದ. ಕೋಲಾರದ ಆಸ್ಪತ್ರೆಯ ಹಾಸಿಗೆಯ ಮೇಲೆ ಅವನನ್ನು ನೋಡಿದೆ. ಸಂಕ್ರಾಂತಿಯಲ್ಲಿ ನೋಡಿದ್ದಕ್ಕಿಂತ ಅರ್ಧ ಆಗಿದ್ದ. ಹಿಮೋಗ್ಲೋಬಿನ್ ಏಳಕ್ಕೆ ಇಳಿದಿತ್ತು. ರಕ್ತದ ಬಾಟಲಿ ನೇತುಹಾಕಿದ್ದರು. ಅದೇ ವೈದ್ಯರು ಬಂದರು, ಹಳೆಯ ಕಾಗದ ತಿರುವಿ ಹಾಕಿದರು, ಈ ಸಲ ನಗಲಿಲ್ಲ.

"ಇವರು ಗ್ಲುಟೆನ್ ತಿಂತಿದಾರೆ. ಒಂದು ದಿನ ಎರಡು ದಿನದ್ದಲ್ಲ, ತಿಂಗಳುಗಟ್ಟಲೆ. ಮನೇಲಿ ಅಡುಗೆ ಯಾರು ಮಾಡೋದು?" ಎಂದರು.

ಅತ್ತಿಗೆ ಕೈ ಎತ್ತಿದಳು, ತಪ್ಪು ಮಾಡಿದ ಮಗು ತರಗತಿಯಲ್ಲಿ ಎತ್ತುವ ಹಾಗೆ.

ಹೊರಗೆ ಮೊಗಸಾಲೆಗೆ ಬಂದದ್ದೇ ನಾನು ಅವಳ ಮೇಲೆ ಬಿದ್ದೆ. ನನ್ನ ಬಾಯಿ ಒಳ್ಳೆಯದಲ್ಲ, ಊರಿಗೇ ಗೊತ್ತು. "ಎಲ್ಲಿ ತಪ್ಪು ಮಾಡ್ದೆ ಹೇಳು. ಹಿಂಗಾ? ಸಾಂಬಾರ್ ಪುಡೀನ ಅಂಗಡೀಲಿ ತಂದ್ಯಾ? ನಿಮ್ಮಮ್ಮನ ಮನೆಯಿಂದ ಏನಾದ್ರೂ ಕರ್ಜಿಕಾಯಿ, ನಿಪ್ಪಟ್ಟು ತಂದು ತಿನ್ನಿಸಿದ್ಯಾ? ಅಷ್ಟು ದೊಡ್ಡ ಪಟ್ಟಿ ಗೋಡೆ ಮೇಲಿದೆ, ಕಣ್ಣಿಗೆ ಕಾಣ್ಲಿಲ್ವಾ? ನಾನು ಯಾರಿಗೋಸ್ಕರ ಬರೆದುಕೊಟ್ಟಿದ್ದು?"

"ದೇವ್ರಾಣೆಗೂ ಇಲ್ಲಮ್ಮ" ಎಂದಳು. ಗೋಡೆಗೆ ಒರಗಿ ಸೆರಗಿನಿಂದ ಮುಖ ಮುಚ್ಚಿಕೊಂಡಳು. ಕಾಯುತ್ತಿದ್ದ ಜನ ತಿರುಗಿ ನೋಡಿದರು. ನಾನು ಸುಮ್ಮನಾಗಬೇಕಿತ್ತು, ಆಗಲಿಲ್ಲ. "ಕಣ್ಣೀರು ಹಾಕಿದ್ರೆ ರಕ್ತ ಬರಲ್ಲ" ಎಂದೂ ಅಂದೆ. ಆ ಮಾತು ನೆನಪಾದಾಗೆಲ್ಲ ನನ್ನ ನಾಲಿಗೆಯನ್ನೇ ಕಚ್ಚಿಕೊಳ್ಳಬೇಕು ಅನಿಸುತ್ತದೆ.

ಇಲ್ಲಿ ನನ್ನ ಕೆಲಸದ ವಿಷಯ ಹೇಳಬೇಕು. ಶಾಲೆ ಮುಚ್ಚಿದ ಮೇಲೆ ನಾನು ಸೇರಿದ್ದು ಕೋಲಾರ ದಾಟಿ ಬೆಂಗಳೂರಿನ ಕಡೆಗೆ ಹೆದ್ದಾರಿಯ ಪಕ್ಕದಲ್ಲಿರುವ ಒಂದು ಚಿಕ್ಕ ಬ್ರೂವರಿಗೆ. ಬಿಯರನ್ನು ಅಲ್ಲೇ ಕುದಿಸಿ, ಅಲ್ಲೇ ಹುಳಿಸಿ, ಅಲ್ಲೇ ಮೇಜಿಗೆ ಕೊಡುವ ಜಾಗ. ಕೈಗಾರಿಕಾ ಪ್ರದೇಶದ ಇಂಜಿನಿಯರುಗಳು, ತಿರುಪತಿಗೆ ಹೋಗಿ ಬರುವ ಕಾರಿನವರು, ಊರಿನ ಕಾಸಿದ್ದವರು ಬರುತ್ತಾರೆ. ನನ್ನದು ಆಫೀಸಿನ ಕೆಲಸ. ಅಮ್ಮನಿಗೆ ಹೋಟೆಲ್ಲು ಅಂದಿದ್ದೆ. ಅದು ಪೂರ್ತಿ ಸುಳ್ಳೇನೂ ಅಲ್ಲ, ನಮ್ಮಲ್ಲಿ ಬಿರಿಯಾನಿ ಚೆನ್ನಾಗಿ ಹೋಗುತ್ತದೆ.

ಹೆಂಡಕ್ಕೆ ಜಾಹೀರಾತು ಹಾಕುವ ಹಾಗಿಲ್ಲ. ಆದ್ದರಿಂದ ಪ್ರತಿ ಕಾಲಕ್ಕೊಂದು ಹೊಸ ಬಿಯರ್ ಬಂದಾಗ ಮಾಲೀಕರು ಒಂದು ಚೀಟಿ ಬರೆಸುತ್ತಿದ್ದರು. ಅದನ್ನು ಪ್ರತಿ ಮೇಜಿನ ಮೇಲೂ ನಿಲ್ಲಿಸುವುದು, ಖಾಯಂ ಗಿರಾಕಿಗಳ ವಾಟ್ಸಾಪ್ ಗುಂಪಿಗೂ ಕಳಿಸುವುದು. ಈ ಸಲದ್ದು ಏನು, ಬಣ್ಣ ಹೇಗೆ, ರುಚಿ ಹೇಗೆ, ಯಾವ ಊಟಕ್ಕೆ ಹೊಂದುತ್ತದೆ, ಇಷ್ಟೇ. ಮೊದಮೊದಲು ಇಂಗ್ಲಿಷಿನಲ್ಲಿ ಮಾತ್ರ ಇತ್ತು. ಕನ್ನಡದಲ್ಲೂ ಇರಲಿ ಎಂದು ಹಟ ಹಿಡಿದವಳು ನಾನು. ಮಾಲೀಕರಿಗೆ ನನ್ನ ಅಕ್ಷರ ಎಷ್ಟು ಇಷ್ಟವಾಯಿತೆಂದರೆ, ಟೈಪ್ ಮಾಡಿಸದೆ ನನ್ನ ಕೈಬರಹವನ್ನೇ ಹಾಗೆಯೇ ಮುದ್ರಿಸತೊಡಗಿದರು.

ಆ ವರ್ಷ ಮಾಗಿಗೆ ಬಂದದ್ದು ಕೆಂಗಂದು ಬಣ್ಣದ ಬಿಯರ್, ಆಂಬರ್ ಅನ್ನುತ್ತಾರೆ. ನಮ್ಮ ಬ್ರೂವರ್ ಮಾಲೂರಿನ ಕಡೆಯವರು, ಕೆಮಿಸ್ಟ್ರಿ ಓದಿದವರು, ಮಾತು ಕಡಿಮೆ, ಥರ್ಮಾಮೀಟರ್ ಜಾಸ್ತಿ. ಅವರಿಗೆ ನಮ್ಮ ನೆಲದ ರಾಗಿ ಬಳಸಬೇಕು ಎಂಬ ಆಸೆ. ಬೈರಕೂರಿನ ಕಡೆಯಿಂದ ರಾಗಿ ತರಿಸಿ, ನೆನೆಸಿ, ಬಟ್ಟೆಯಲ್ಲಿ ಮೊಳಕೆ ಕಟ್ಟಿ, ಒಣಗಿಸಿ, ಅದರಲ್ಲಿ ಒಂದಷ್ಟನ್ನು ಹುರಿದರು. ಆ ವಾರವೆಲ್ಲ ಬ್ರೂವರಿಯ ಹಿತ್ತಲು ಎಳೆಮಗುವಿಗೆ ರಾಗಿ ಸರಿ ಮಾಡುವ ಮನೆಯ ಹಾಗೆ ಘಮಘಮ ಅನ್ನುತ್ತಿತ್ತು. ಬೀದಿಯಲ್ಲಿ ಹೋಗುವವರು ಮೂಗು ಅರಳಿಸುತ್ತಿದ್ದರು. ತಿಂಗಳು ಕಳೆದ ಮೇಲೆ ಬಂದ ಬಿಯರನ್ನು ಲೋಟದಲ್ಲಿ ಬೆಳಕಿಗೆ ಹಿಡಿದು ನೋಡಿದೆ. ನಾನು ಕುಡಿಯುವುದಿಲ್ಲ, ಮೂಸಿ ನೋಡಿ ಬರೆಯುತ್ತೇನೆ. ರುಚಿಯನ್ನು ಬ್ರೂವರ್ ಹೇಳುತ್ತಿದ್ದರು, ನಾನು ಪದ ಹುಡುಕುತ್ತಿದ್ದೆ.

ಕೊನೆಗೆ ಹೋದ ಚೀಟಿ ಇದು:

"ಮಾಗಿಯ ಚಳಿ ಬೆಟ್ಟ ಇಳಿದು ನಿಮ್ಮ ಮೇಜಿನವರೆಗೂ ಬಂದಿದೆ. ಈ ಸಲದ ನಮ್ಮ ಬಿಯರಿಗೆ ಪಾಕಕ್ಕೆ ಬಂದ ಬೆಲ್ಲದ ಬಣ್ಣ. ಲೋಟವನ್ನು ಒಮ್ಮೆ ದೀಪಕ್ಕೆ ಹಿಡಿದು ನೋಡಿ. ಮೊದಲ ಗುಟುಕಿಗೆ ಹುರಿದ ರಾಗಿಯ ಪರಿಮಳ, ಆಮೇಲೆ ಕಾಯಿಸಿದ ಸಕ್ಕರೆಯ ಸಿಹಿ, ಕೊನೆಗೆ ನಾಲಿಗೆಯ ಹಿಂದೆ ಹದವಾದ ಕಹಿ. ನಮ್ಮದೇ ಹೊಲಗಳ ರಾಗಿಯನ್ನು ಮೊಳಕೆ ಕಟ್ಟಿ, ಒಣಗಿಸಿ, ಹುರಿದು ಮಾಡಿದ್ದು. ಕಳೆದ ಬೇಸಿಗೆಯ ಬಿಯರಿನ ಹಾಗಲ್ಲ. ಗೋಧಿ ಇದರ ಹತ್ತಿರಕ್ಕೂ ಸುಳಿದಿಲ್ಲ. ನಾಟಿ ಕೋಳಿ ಸಾರಿಗೆ, ಕಡಲೆಕಾಯಿಗೆ ಒಳ್ಳೆಯ ಜೋಡಿ. ಮುದ್ದೆ ಉಂಡ ಹೊಟ್ಟೆಗೆ ಇದು ನೆಂಟನಲ್ಲ, ಮನೆಯವನೇ."

ಬೇಸಿಗೆಯಲ್ಲಿ ಗೋಧಿಯ ಬಿಯರ್ ಮಾಡಿದ್ದೆವು. ಕೆಲವು ಗಿರಾಕಿಗಳು ಹೊಟ್ಟೆ ಭಾರ ಅಂದಿದ್ದರು. ಅವರಿಗಾಗಿ ಆ ಗೋಧಿಯ ಸಾಲು. ಚೀಟಿಯನ್ನು ಎಲ್ಲರೂ ಹೊಗಳಿದರು. ಕೆಲವರು ಮನೆಗೆ ತೆಗೆದುಕೊಂಡು ಹೋದರು. ಬಿಯರ್ ಎಷ್ಟು ಓಡಿತೆಂದರೆ ಮಾಗಿ ಮುಗಿದು ಯುಗಾದಿ ಕಳೆದರೂ ಬ್ರೂವರ್ ಮತ್ತೆ ಮತ್ತೆ ಅದನ್ನೇ ಕುದಿಸಬೇಕಾಯಿತು. ನಾನು ಬೀಗಿದ್ದೇ ಬೀಗಿದ್ದು.

ಮತ್ತೆ ಆಸ್ಪತ್ರೆಗೆ ಬರುತ್ತೇನೆ. ಮಾರನೆಯ ದಿನ ಬೆಳಿಗ್ಗೆ ಅಣ್ಣನ ಬಟ್ಟೆಯ ಚೀಲವನ್ನು ನರ್ಸಮ್ಮ ನನ್ನ ಕೈಗೆ ಕೊಟ್ಟರು. ಮಂಡಿಯಲ್ಲಿ ಬಿದ್ದಾಗ ಹಾಕಿದ್ದ ಅಂಗಿ, ಮಾವಿನ ಸೊನೆಯ ಕಲೆ ಬಿದ್ದದ್ದು. ಒಗೆಯಲು ಹಾಕುವ ಮೊದಲು ಜೇಬು ನೋಡುವುದು ಅಭ್ಯಾಸ. ಒಂದು ಪೆನ್ನು, ಲಾರಿಯವನ ನಂಬರು ಬರೆದ ಚೂರು ಕಾಗದ, ಅದರ ಹಿಂದೆ ಎರಡು ಮಡಿಕೆಯ ಒಂದು ದಪ್ಪ ಹಾಳೆ. ಬಿಡಿಸಿದೆ.

ನನ್ನ ಅಕ್ಷರ. "ಮಾಗಿಯ ಚಳಿ ಬೆಟ್ಟ ಇಳಿದು..."

ನನಗೆ ತಕ್ಷಣ ಏನೂ ಅರ್ಥವಾಗಲಿಲ್ಲ. ತಂಗಿ ಬರೆದದ್ದು ಎಂದು ಅಭಿಮಾನಕ್ಕೆ ಇಟ್ಟುಕೊಂಡಿದ್ದಾನೆ ಅಂದುಕೊಂಡೆ. ಖುಷಿಯೂ ಆಯಿತು, ಹೇಳುವುದಕ್ಕೆ ನಾಚಿಕೆ. ಮಡಿಕೆಯ ಮೇಲೆ ಒಂದು ದುಂಡನೆಯ ಒದ್ದೆ ಕಲೆ ಒಣಗಿತ್ತು. ಲೋಟದ ಅಡಿಯ ಕಲೆ. ಅಂಥದ್ದನ್ನು ನಾನು ದಿನಾ ಮೇಜಿನ ಮೇಲೆ ನೋಡುತ್ತೇನೆ.

ಅಣ್ಣ ಎಚ್ಚರವಾಗಿದ್ದ. ಅತ್ತಿಗೆ ಕಾಫಿ ತರಲು ಹೋಗಿದ್ದಳು. ನಾನು ಹಾಳೆಯನ್ನು ಅವನ ಮುಖದ ಮುಂದೆ ಹಿಡಿದೆ. "ಏನಣ್ಣ ಇದು?"

ಅವನು ಕಣ್ಣು ತಪ್ಪಿಸಿದ. ನನಗಿಂತ ಆರು ವರ್ಷ ದೊಡ್ಡವನು. ಅಪ್ಪ ಹೋದ ಮೇಲೆ ನನ್ನನ್ನು ಓದಿಸಿದವನು. ನಮ್ಮ ಕಡೆ ಅಣ್ಣ ತಂಗಿಯ ಎದುರು ಕುಡಿಯುವುದಿರಲಿ, ಕುಡಿಯುವ ಮಾತೂ ಆಡುವುದಿಲ್ಲ. ಅವನು ಕುಡಿಯುತ್ತಾನೆ ಎಂಬುದೇ ನನಗೆ ಗೊತ್ತಿರಲಿಲ್ಲ. ಸತ್ಯವಾಗಿ ಗೊತ್ತಿರಲಿಲ್ಲ.

"ನಿಂಗೆ ವಾರದ ರಜ ಮಂಗಳವಾರ ಅಲ್ವಾ" ಎಂದ, ಮೆಲ್ಲಗೆ. "ಅವತ್ತು ಬರ್ತಿದ್ದೆ. ಮಂಡಿ ಟೆಂಪೋದಲ್ಲಿ, ಡ್ರೈವರ್ ಜೊತೆ. ಕೆಲವು ಸಲ ಶುಕ್ರವಾರ ನೀನು ಹೊರಟ ಮೇಲೆ. ಮೇಲಿನ ಮಹಡೀಲಿ ಕೂತ್ಕೊಳ್ತಿದ್ದೆ. ಎರಡು ಲೋಟ, ಅಷ್ಟೇ."

"ಯಾವಾಗಿಂದ?"

"ಅದು ಬಂದಾಗಿಂದ. ಮಾಗಿಯಿಂದ."

ಐದು ತಿಂಗಳು. ನಾನು ಕುರ್ಚಿ ಎಳೆದುಕೊಂಡು ಕೂತೆ. ಕಾಯಿಲೆ ಗೊತ್ತಾಗುವ ಮೊದಲು ಅವನು ಮಂಡಿಯ ಗೆಳೆಯರ ಜೊತೆ ಅಪರೂಪಕ್ಕೆ ಬಿಯರ್ ಕುಡಿಯುತ್ತಿದ್ದನಂತೆ. ವೈದ್ಯರನ್ನು ಅದರ ಬಗ್ಗೆ ಕೇಳಲಿಲ್ಲವಂತೆ, ಏಕೆಂದರೆ ಅತ್ತಿಗೆ ಪಕ್ಕದಲ್ಲೇ ಕೂತಿದ್ದಳು. ಬಿಯರಿನಲ್ಲಿ ಗೋಧಿ ಇರುತ್ತದೆ ಎಂದು ಯಾರೋ ಅಂದದ್ದಕ್ಕೆ ಬಿಟ್ಟೇಬಿಟ್ಟಿದ್ದ. ಎರಡು ವರ್ಷ ಮುಟ್ಟಿರಲಿಲ್ಲ. ಮಂಡಿಯವರೆಲ್ಲ ಕೂತು ಕುಡಿಯುವಾಗ ಇವನು ಸೋಡಾ ಹಿಡಿದು ಕೂರುತ್ತಿದ್ದ. ಆಮೇಲೆ ಯಾವನೋ ಗೆಳೆಯ ಫೋನಿನಲ್ಲಿ ಈ ಚೀಟಿ ತೋರಿಸಿದ.

"ಅಕ್ಷರ ನೋಡಿದ ತಕ್ಷಣ ನಿಂದು ಅಂತ ಗೊತ್ತಾಯ್ತು" ಎಂದ. "ಎಲ್ರಿಗೂ ತೋರಿಸ್ದೆ, ನಮ್ಮ ತಂಗಿ ಅಮ್ಮಣ್ಣಿ ಬರೆದಿರೋದು ಅಂತ."

"ಅದಕ್ಕೇ ಕುಡಿದುಬಿಡೋದಾ? ಅದರಲ್ಲಿ ಬಾರ್ಲಿ ಇದೆಯಣ್ಣ! ಯಾವ ಬಿಯರಾದ್ರೂ ಬಾರ್ಲಿಯಿಂದಲೇ ಮಾಡೋದು! ಪಟ್ಟೀಲಿ ಬಾರ್ಲಿ ಬರೆದಿರ್ಲಿಲ್ವಾ ನಾನು?" ಅಷ್ಟು ಹೊತ್ತಿಗೂ ನನಗೆ ಅವನ ಮೇಲೆ ಸಿಟ್ಟು ಮಾಡುವಷ್ಟು ಕೊಬ್ಬಿತ್ತು.

ಅಣ್ಣ ನನ್ನನ್ನು ನೋಡಿದ. ಅವನ ಮುಖದಲ್ಲಿದ್ದದ್ದು ಸಿಟ್ಟಲ್ಲ, ಅಚ್ಚರಿ. "ಬಾರ್ಲಿನಾ? ಜ್ವರ ಬಂದೋರಿಗೆ ನೀರು ಕಾಯಿಸಿಕೊಡ್ತಾರಲ್ಲ, ಅದಾ?" ಎಂದ. ಆಮೇಲೆ ಅಂದ: "ನಾನು ಸುಮ್ನೆ ಕುಡೀಲಿಲ್ಲಮ್ಮ. ಮೊದಲ ಸಲ ಬಂದಾಗ ಚೀಟಿ ಮಾತ್ರ ಮನೇಗೆ ತಗೊಂಡ್ಹೋಗಿ, ಗೋಡೆ ಮುಂದೆ ನಿಂತ್ಕೊಂಡು, ಒಂದೊಂದೇ ಹೊಂದಿಸಿ ನೋಡ್ದೆ. ಪಟ್ಟೀಲಿ ಇರೋದು ಒಂದೂ ನಿನ್ನ ಚೀಟೀಲಿ ಇರ್ಲಿಲ್ಲ."

ಅತ್ತಿಗೆ ಕಾಫಿ ತಂದು, ನನಗೂ ಒಂದು ಲೋಟ ಕೊಟ್ಟಳು. ನಿನ್ನೆ ಅಷ್ಟು ಬೈಸಿಕೊಂಡವಳು. ಅವಳ ಮುಖ ನೋಡಲಾರದೆ, ಬರ್ತೀನಿ ಎಂದು ಎದ್ದುಬಿಟ್ಟೆ.

ಆಸ್ಪತ್ರೆಯಿಂದ ನೇರ ಬ್ರೂವರಿಗೆ ಹೋದೆ. ಆಟೋದಲ್ಲಿ ಕೂತಾಗ ನನ್ನ ತಲೆಯಲ್ಲಿ ಓಡುತ್ತಿದ್ದದ್ದು ಒಂದೇ: ಬ್ರೂವರ್ ಯಾಕೆ ನನಗೆ ಚೀಟಿಯಲ್ಲಿ ಬಾರ್ಲಿ ಹಾಕಿ ಎಂದು ಹೇಳಲಿಲ್ಲ? ಅವರನ್ನು ಹಿಡಿದು ಕೇಳಬೇಕು. ನೋಡಿ ನನ್ನ ಬುದ್ಧಿ. ಅತ್ತಿಗೆ ಆಯಿತು, ಅಣ್ಣ ಆಯಿತು, ಈಗ ಇನ್ನೊಬ್ಬರ ತಲೆಗೆ ಕಟ್ಟಲು ಹೊರಟಿದ್ದೆ.

ಬ್ರೂವರ್ ಒಳಗೆ ಬಿಸಿ ನೀರಿಗೆ ಪುಡಿ ಮಾಡಿದ ಧಾನ್ಯ ಸುರಿಯುತ್ತಿದ್ದರು. ಉಗಿಯಲ್ಲಿ ಅವರ ಕನ್ನಡಕ ಮಂಜಾಗಿತ್ತು. ನಾನು ಹೇಳಿದ್ದನ್ನೆಲ್ಲ ಕೇಳಿ ಕನ್ನಡಕ ತೆಗೆದು ಒರೆಸಿದರು.

"ಹುಳಿ ಬಂದ ಮೇಲೆ ಆ ಅಂಟು ಹೋಗಲ್ವಾ?" ಎಂದು ಕೇಳಿದೆ. ಎಲ್ಲೋ ಒಂದು ಆಸೆ.

"ಇಲ್ಲ ಮೇಡಂ. ಸ್ವಲ್ಪ ಕಡಿಮೆ ಆಗುತ್ತೆ, ಹೋಗಲ್ಲ. ಅಂಥವರಿಗೆ ಸ್ವಲ್ಪವೂ ಸಾಕು."

"ಬರೀ ರಾಗಿಯಲ್ಲೇ ಮಾಡಬಹುದಿತ್ತಲ್ಲ?"

"ಕಷ್ಟ ಮೇಡಂ. ಹಿಟ್ಟನ್ನ ಸಕ್ಕರೆ ಮಾಡೋ ಶಕ್ತಿ ಮೊಳಕೆ ಬಾರ್ಲಿಗೆ, ಅದೇ ಮಾಲ್ಟಿಗೆ, ಜಾಸ್ತಿ. ಮತ್ತೆ ಅದರ ಸಿಪ್ಪೆ ಇಲ್ದಿದ್ರೆ ಸೋಸೋಕೇ ಆಗಲ್ಲ, ಎಲ್ಲಾ ಅಂಬಲಿ ಥರ ಕಚ್ಚಿಕೊಳ್ಳುತ್ತೆ. ರಾಗಿ ಕಾಲು ಭಾಗ ಅಷ್ಟೇ. ಆ ಕೆಂಪು ಬಣ್ಣ ಕೂಡ ರಾಗಿದಲ್ಲ, ಕ್ಯಾರಮೆಲ್ ಮಾಲ್ಟಿಂದು. ಅದೂ ಬಾರ್ಲಿನೇ."

"ಮತ್ತೆ ಚೀಟೀಲಿ ಹಾಕಿ ಅಂತ ನನಗ್ಯಾಕೆ ಹೇಳ್ಲಿಲ್ಲ?"

ಅವರು ನನ್ನ ಮುಖ ನೋಡಲಿಲ್ಲ. ಥರ್ಮಾಮೀಟರ್ ನೋಡುತ್ತಾ ನಿಂತರು. ಹಾಗೆ ಅವರು ನಿಂತದ್ದೇ ನನಗೆ ಅನುಮಾನ ಹುಟ್ಟಿಸಿತು. ನಾನು ಆಫೀಸಿಗೆ ಹೋಗಿ ಬೀರು ತೆಗೆದೆ. ಚೀಟಿಗಳ ಕರಡುಗಳನ್ನೆಲ್ಲ ನಾನು ಫೈಲು ಮಾಡಿಡುತ್ತೇನೆ, ಮೇಡಂ ಬುದ್ಧಿ ಎಲ್ಲಿ ಹೋಗುತ್ತದೆ. ಮಾಗಿಯದನ್ನು ತೆಗೆದೆ.

ಬ್ರೂವರ್ ಬರೆದುಕೊಟ್ಟ ಹಾಳೆ ಅಲ್ಲಿತ್ತು, ಅವರ ಕೋಳಿಕಾಲಿನ ಅಕ್ಷರದಲ್ಲಿ. "ಬಾರ್ಲಿ ಮಾಲ್ಟ್ ಮುಕ್ಕಾಲು ಭಾಗ, ಅದರಲ್ಲಿ ಸ್ವಲ್ಪ ಕ್ಯಾರಮೆಲ್ ಮಾಲ್ಟ್. ಮೊಳಕೆ ರಾಗಿ ಕಾಲು ಭಾಗ. ಕಹಿಗೆ ಹಾಪ್ಸ್. ಹುಳಿಸಲು ಯೀಸ್ಟ್. ಆಲ್ಕೋಹಾಲ್ ಶೇಕಡಾ ಐದು." ಮೊದಲ ಸಾಲಿನ ಮೇಲೆ ಕೆಂಪು ಶಾಯಿಯ ಗೆರೆ, ಒಂದಲ್ಲ ಎರಡು. ಪಕ್ಕದಲ್ಲಿ ನನ್ನ ದುಂಡು ಅಕ್ಷರ: "ಇದು ಯಾರಿಗೆ ಬೇಕು? ನೀರಸ. ರಾಗಿ ಸಾಕು."

ನೆನಪಾಯಿತು. ಎಲ್ಲ ನೆನಪಾಯಿತು. ಅವರು ಬಾಗಿಲಲ್ಲಿ ನಿಂತು, "ಮೇಡಂ, ಬಾರ್ಲಿ ಹಾಕಬೇಕಿತ್ತೇನೋ" ಎಂದು ಗೊಣಗಿದ್ದರು. "ಬಿಯರಲ್ಲಿ ಬಾರ್ಲಿ ಇರುತ್ತೆ ಅಂತ ಹೇಳೋದು ಅನ್ನದಲ್ಲಿ ಅಕ್ಕಿ ಇದೆ ಅಂದ ಹಾಗಲ್ವಾ?" ಎಂದು ನಾನು ನಗಾಡಿದ್ದೆ. ಅವರೂ ಪಾಪ ನಕ್ಕಿದ್ದರು.

ಹೇಳುತ್ತೇನೆ, ಅಂಥ ಆಘಾತ ನನಗೆ ಅಪ್ಪ ಸತ್ತಾಗಲೂ ಆಗಿರಲಿಲ್ಲ. ಅಪ್ಪನನ್ನು ದೇವರು ಕರೆದುಕೊಂಡ. ಅಣ್ಣನ ಕರುಳಿಗೆ ಐದು ತಿಂಗಳು ವಿಷ ಎರೆದವಳು ನಾನು, ಕೆಂಪು ಪೆನ್ನಿನಲ್ಲಿ. ಕುರ್ಚಿ ಸಿಗದೆ ನೆಲದ ಮೇಲೇ ಕೂತುಬಿಟ್ಟೆ. ಮಾಲೀಕರು ಬಂದು ನೀರು ಕೊಟ್ಟರು. ಹೊಸ ಚೀಟಿ ಮಾಡಿಸೋಣ, ಹಳೆಯದನ್ನು ಸದ್ದಿಲ್ಲದೆ ತೆಗೆದುಬಿಡೋಣ ಅಂದರು. ಸದ್ದಿಲ್ಲದೆ ಆಗೋದಿಲ್ಲ ಸಾರ್ ಎಂದೆ. ಗುಂಪಿನಲ್ಲಿ ಅದನ್ನು ಓದಿದವರು ನೂರಾರು ಜನ. ಅವರ ಮನೆಗಳಲ್ಲಿ ಇನ್ನೊಬ್ಬ ನನ್ನ ಅಣ್ಣ ಇರಬಹುದು. ಅವರು ಬಹಳ ಹೊತ್ತು ಯೋಚಿಸಿ, ಬರೀರಿ ಎಂದರು. ಅದಕ್ಕೆ ಅವರಿಗೆ ಇವತ್ತಿಗೂ ಕೈ ಮುಗಿಯುತ್ತೇನೆ.

ಅಲ್ಲೇ ನೆಲದ ಮೇಲೆ ಕೂತೇ ಬರೆದೆ. ಬೆಲ್ಲದ ಪಾಕ ಇಲ್ಲ, ಬೆಟ್ಟ ಇಲ್ಲ. "ಮಾಗಿಯಿಂದ ನಾವು ಕೊಡುತ್ತಿರುವ ಕೆಂಪು ಬಿಯರಿನಲ್ಲಿ ಮುಕ್ಕಾಲು ಭಾಗ ಬಾರ್ಲಿ ಇದೆ. ಹಿಂದಿನ ಚೀಟಿಯಲ್ಲಿ ಇದನ್ನು ಹೇಳಿರಲಿಲ್ಲ. ಗೋಧಿ ಆಗದವರಿಗೆ ಬಾರ್ಲಿಯೂ ಆಗುವುದಿಲ್ಲ. ಅಂಥವರು ಇದನ್ನು ಕುಡಿಯಬಾರದು. ಈಗಾಗಲೇ ಕುಡಿದಿದ್ದರೆ ವೈದ್ಯರಿಗೆ ಹೇಳಿ. ತಪ್ಪು ಬರೆದವಳದು." ಫೋನಿನಲ್ಲಿ ಕಳಿಸಿದೆ. ಹೆಬ್ಬೆರಳ ಚಿತ್ರಗಳು ಸಾಲಾಗಿ ಬಂದವು. ಒಬ್ಬರು, ಇಷ್ಟು ದಿನ ರಾಗಿ ಅಂತ ದುಡ್ಡು ಕಿತ್ತಿರಲ್ಲ ಎಂದು ಬೈದರು. ಬೈಯಲಿ. ಸಂಜೆಯ ಹೊತ್ತಿಗೆ ಒಬ್ಬ ಹೆಣ್ಣುಮಗಳು, ನಮ್ಮ ಮಾವನಿಗೂ ಗೋಧಿ ಆಗಲ್ಲ, ಬರುವ ವಾರ ಕರೆದುಕೊಂಡು ಬರೋಣ ಅಂತಿದ್ದೆವು, ಹೇಳಿದ್ದು ಒಳ್ಳೆಯದಾಯಿತು ಎಂದು ಬರೆದಳು. ಅದನ್ನು ಎಷ್ಟು ಸಲ ಓದಿದೆನೋ.

ನಾಲ್ಕನೆಯ ದಿನಕ್ಕೆ ಅಣ್ಣ ಎದ್ದು ಕೂತು ಗಂಜಿ ಕುಡಿದ. ಕರುಳು ಮತ್ತೆ ಚಿಗುರುತ್ತದೆ, ತಿಂಗಳುಗಳು ಬೇಕು ಎಂದರು ವೈದ್ಯರು. ಅಣ್ಣನೇ ಅವರಿಗೆ ಬಿಯರಿನ ವಿಷಯ ಹೇಳಿದ್ದ, ಅತ್ತಿಗೆಯ ಎದುರಿಗೇ. ಚೀಟಿ ಬರೆದದ್ದು ಯಾರು ಎಂಬುದನ್ನು ಮಾತ್ರ ಹೇಳಿರಲಿಲ್ಲ. "ಏಮೀ ಕಾದು, ಏನೂ ಆಗಲ್ಲ ಬಿಡಮ್ಮಣ್ಣಿ, ನೀನೇನು ಬೇಕಂತ ಬರೆದ್ಯಾ" ಎಂದು ನನಗೇ ಸಮಾಧಾನ ಹೇಳಿದ. ಅವನು ಬೈದಿದ್ದರೆ ಚೆನ್ನಾಗಿತ್ತು.

ಆ ಮಧ್ಯಾಹ್ನ ಅವನಿಗೆ ಒಗೆದ ಬಟ್ಟೆ ತರಲು ನಾನೂ ಅತ್ತಿಗೆಯೂ ಶ್ರೀನಿವಾಸಪುರದ ಬಸ್ಸು ಹತ್ತಿದೆವು. ದಾರಿಯುದ್ದಕ್ಕೂ ಮಾವಿನ ತೋಪುಗಳು. ನಾನು ಕಿಟಕಿಯ ಕಡೆ ನೋಡುತ್ತಲೇ ಎಲ್ಲವನ್ನೂ ಹೇಳಿದೆ. ಚೀಟಿ ನನ್ನದು, ಗೆರೆ ಎಳೆದದ್ದು ನಾನು. ಆಸ್ಪತ್ರೆಯಲ್ಲಿ ನಿನ್ನನ್ನು ಅಂದದ್ದಕ್ಕೆ ಯಾವ ಮುಖ ಇಟ್ಟುಕೊಂಡು ಕ್ಷಮೆ ಕೇಳಲಿ ಎಂದೆ. ಅವಳು, "ಆಯ್ತು ಬಿಡು" ಎಂದಳು, ಅಷ್ಟೇ. ಟಿಕೆಟ್ಟನ್ನು ಸುರುಳಿ ಸುತ್ತುತ್ತಾ ಬಿಚ್ಚುತ್ತಾ ಕೂತಿದ್ದಳು.

ಮನೆಯಲ್ಲಿ ಅವಳು ನೇರ ಅಡುಗೆಮನೆಗೆ ಹೋದಳು. ಪಟ್ಟಿಯ ಮುಂದೆ ನಿಂತಳು. ಒಗ್ಗರಣೆಯ ಜಿಡ್ಡು ಹಿಡಿದು ಹಾಳೆ ಹಳದಿಯಾಗಿತ್ತು. ಗೋಧಿ, ಮೈದಾ, ರವೆ, ಶಾವಿಗೆ, ಬಾರ್ಲಿ. ಅದನ್ನು ಗೋಡೆಯಿಂದ ಮೆಲ್ಲಗೆ ಕಿತ್ತಳು. ಅದರ ಹಿಂದೆ ವೈದ್ಯರು ಕೊಟ್ಟ ಇಂಗ್ಲಿಷ್ ಹಾಳೆ ಹಾಗೇ ಇತ್ತು. ಎರಡನ್ನೂ ಒಟ್ಟಿಗೆ ಅಂಟಿಸಿದ್ದೆವು, ಮರೆತೇಹೋಗಿತ್ತು. ಅವಳು ಬೆರಳಿಟ್ಟು ಅಕ್ಷರ ಕೂಡಿಸಿಕೊಂಡು ಓದುತ್ತಾ ಹೋದಳು. ಕೊನೆಯ ಸಾಲಿಗೆ ಬಂದು ನಿಂತಳು.

"ಬಿಯರ್ ಅಂತ ಇದೆಯಲ್ಲ ಇಲ್ಲಿ" ಎಂದಳು. "ಇದನ್ನ್ಯಾಕೆ ನೀನು ಕನ್ನಡದಲ್ಲಿ ಬರೀಲಿಲ್ಲ?"

ಆವತ್ತು ಇದೇ ಅಡುಗೆಮನೆಯಲ್ಲಿ ಕೂತು ಬರೆಯುವಾಗ ಆ ಸಾಲನ್ನು ಬೇಕೆಂದೇ ಬಿಟ್ಟಿದ್ದೆ. ಪಕ್ಕದಲ್ಲೇ ದೇವರ ಪಟ. ಅಮ್ಮ ಬಂದು ಹೋಗುವ ಜಾಗ. ಅಂಥ ಪದ ಗೋಡೆಯ ಮೇಲೆ ಚೆನ್ನಾಗಿ ಕಾಣುವುದಿಲ್ಲ ಎಂದು.

"ನಮ್ಮ ಮನೇಲಿ ಯಾರು ಕುಡೀತಾರೆ ಅಂತ..." ಎಂದೆ.

ಅತ್ತಿಗೆ ತಲೆ ಎತ್ತಲಿಲ್ಲ. "ಅವರು ಕುಡಿಯೋದು ನಂಗೆ ಗೊತ್ತಿತ್ತು" ಎಂದಳು. "ಮಂಗಳವಾರ ಬರ್ತಿದ್ದ ವಾಸನೆ ಯಾರಿಗೆ ಗೊತ್ತಾಗಲ್ಲ? ಕೇಳೋಣ ಅಂತಾನೂ ಅಂದ್ಕೊಂಡೆ. ಆಮೇಲೆ ಈ ಪಟ್ಟಿ ನೋಡ್ದೆ. ಇದರಲ್ಲಿ ಇರ್ಲಿಲ್ಲ. ನೀನು ಓದಿರೋಳು, ಬೇಡದ್ದಾಗಿದ್ರೆ ಬರೀದೆ ಬಿಡ್ತಿರ್ಲಿಲ್ಲ ಅಂದ್ಕೊಂಡು ಸುಮ್ನಾದೆ."

ಆಮೇಲೆ ಮಕ್ಕಳ ಚೀಲದಿಂದ ಒಂದು ಪೆನ್ನು ತಂದಳು. ನನ್ನ ಪಟ್ಟಿಯನ್ನು ಅಡುಗೆ ಕಟ್ಟೆಯ ಮೇಲೆ ಹರಡಿ, ಅಂಗೈಯಿಂದ ಸುಕ್ಕು ತೀಡಿ, ಪೆನ್ನನ್ನು ನನ್ನ ಕೈಗೆ ಕೊಟ್ಟಳು.

"ಈಗ ಬರಿ."

ಬರೆದೆ. ನನ್ನ ಅಕ್ಷರ ಮೊದಲ ಸಲ ಸೊಟ್ಟಗೆ ಬಂದಿತ್ತು.